4.9 ಸ್ಟಾರ್ ಕೊಟ್ಟೋರು ಯಾರು? ಕ್ಯಾಸಿನೋ ರಿವ್ಯೂ ಸೈಟುಗಳ ಕಮಿಷನ್ ಲೆಕ್ಕ ಗೊತ್ತಿರೋರು ಹೇಳಿ

ದಾವಣಗೆರೆ_ಅಕ್ಕ

ಎಲ್ರಿಗೂ ನಮಸ್ಕಾರ. ಮನೆ ವಿಷಯ ಇಲ್ಲಿ ಬರೀಬೇಕಾ ಬೇಡ್ವಾ ಅಂತ ಒಂದ್ ವಾರ ಯೋಚನೆ ಮಾಡಿ ಆಮೇಲೆ ಬರೀತಿದೀನಿ. ನನ್ ತಮ್ಮ, 26 ವರ್ಷ, ಮೂರ್ ತಿಂಗಳಲ್ಲಿ ಒಂದು ಆನ್‌ಲೈನ್ ಕ್ಯಾಸಿನೋದಲ್ಲಿ 1 ಲಕ್ಷದ 40 ಸಾವಿರ ಕಳ್ಕೊಂಡಿದಾನೆ. ಬೈದಿದ್ದಾಯ್ತು, ಅತ್ತಿದ್ದೂ ಆಯ್ತು. ಈಗ ನಂಗೆ ಕೊರೀತಿರೋದು ಬೇರೆ ವಿಷಯ. ಅವ್ನು "ನಾನು ವಿಚಾರಿಸ್ಕೊಂಡೇ ಹೋಗಿದ್ದು ಅಕ್ಕಾ" ಅಂತಾನೆ. ಎಲ್ಲಿ ವಿಚಾರಿಸ್ದೆ ತೋರ್ಸೋ ಅಂದ್ರೆ ಒಂದು ರಿವ್ಯೂ ಸೈಟ್ ತೋರ್ಸಿದ, ಭಾರತದ ಟಾಪ್ 10 ಕ್ಯಾಸಿನೋಗಳು ಅಂತ, ಅದೂ ಕನ್ನಡದಲ್ಲೇ ಇದೆ. ಇವ್ನು ಸೇರಿದ್ದು ಒಂದನೇ ನಂಬರ್, 4.9 ಸ್ಟಾರ್. ನಂಬಿಕೆ 9.8, ಬೋನಸ್ 10, ಹಣ ವಾಪಸ್ 9.7 ಹಿಂಗೆ ಮಾರ್ಕ್ಸ್ ಕಾರ್ಡ್ ತರ ಇದೆ. ಹತ್ತನೇದಕ್ಕೂ 4.5 ಇದೆ!

ಇವ್ನ ಅಕೌಂಟಲ್ಲಿ ಒಂದ್ಸಲ 62 ಸಾವಿರ ಆಗಿತ್ತಂತೆ, ತೆಗೆಯೋಕೆ ಹೋದ್ರೆ ಬೋನಸ್ ಷರತ್ತು ಮುಗ್ದಿಲ್ಲ ಅಂತ ಬಿಡ್ಲಿಲ್ಲ, ಆಡ್ತಾ ಆಡ್ತಾ ಅದೂ ಹೋಯ್ತು. ಹಂಗಾದ್ರೆ ಹಣ ವಾಪಸ್‌ಗೆ 9.7 ಹೆಂಗೆ ಬಂತು? ಪೇಜಿನ ಕೆಳಗೆ ಸಣ್ಣ ಅಕ್ಷರದಲ್ಲಿ "ನಾವು ಪಾಲುದಾರರಿಂದ ಪರಿಹಾರ ಪಡೆಯಬಹುದು" ಅಂತಿದೆ. ಪರಿಹಾರ ಅಂದ್ರೆ ಏನು, ಇವ್ರಿಗೇನು ನಷ್ಟ ಆಗಿತ್ತು? ಈ ಸೈಟುಗಳು ದುಡ್ಡು ಹೆಂಗ್ ಮಾಡ್ತವೆ, ಮಾರ್ಕ್ಸ್ ಯಾರ್ ಕೊಡ್ತಾರೆ, ಗೊತ್ತಿರೋರು ಬಿಡಿಸಿ ಹೇಳಿ.

ಮಾಲ್ಟಾದಿಂದ_ಮರಳಿದವ

ಅಕ್ಕ, ನಾನು ಮಾಲ್ಟಾದಲ್ಲಿ ಇಂಥದ್ದೇ ಒಂದು ಕಂಪನೀಲಿ ನಾಲ್ಕ್ ವರ್ಷ ಕೆಲ್ಸ ಮಾಡಿ ಬಂದವನು, ಮೂಲ ಶಿವಮೊಗ್ಗ. ಗೊತ್ತಿರೋದು ಹೇಳ್ತೀನಿ.

ಮೊದಲು ಆ "ಪರಿಹಾರ". ಇಂಗ್ಲಿಷ್ ಪೇಜಲ್ಲಿ ಕಾಂಪೆನ್ಸೇಷನ್ ಅಂತಿರತ್ತೆ, ಅಲ್ಲಿ ಅದರ ಅರ್ಥ ಸಂಭಾವನೆ, ಕಮಿಷನ್. ಮೆಷಿನ್‌ಗೆ ಹಾಕಿ ಕನ್ನಡ ಮಾಡ್ದಾಗ ಪರಿಹಾರ ಆಗೋಗಿದೆ. ಇಡೀ ಪೇಜಲ್ಲಿ ಓದುಗರಿಗೆ ನಿಜ ಹೇಳೋ ಸಾಲು ಅದೊಂದೇ, ಅದೇ ಅರ್ಥ ಆಗದಂಗೆ ಇದೆ. ಯಾರೂ ಕೂತು ಓದಿಲ್ಲ ಅನ್ನೋದೂ ಇದ್ರಿಂದ್ಲೇ ಗೊತ್ತಾಗತ್ತೆ.

ಇವ್ರನ್ನ ಅಫಿಲಿಯೇಟ್ ಅಂತಾರೆ, ನಮ್ಮ ಭಾಷೇಲಿ ದಲ್ಲಾಳಿ. ನಿಮ್ ತಮ್ಮ "ಈಗಲೇ ಆಡಿ" ಒತ್ತಿದಾಗ ಆ ಲಿಂಕಲ್ಲಿ ಸೈಟಿನ ಗುರುತು ನಂಬರ್ ಇರತ್ತೆ. ಅವ್ನು ಅಕೌಂಟ್ ತೆಗೆದ ಕೂಡ್ಲೆ ಆ ಅಕೌಂಟಿಗೆ ಈ ಗುರುತು ಅಂಟ್ಕೊಳತ್ತೆ, ಆಮೇಲೆ ಅವ್ನು ರಿವ್ಯೂ ಸೈಟಿಗೆ ಮತ್ತೆ ಬರ್ದೇ ಇದ್ರೂ ಲೆಕ್ಕ ಹೋಗ್ತಾನೇ ಇರತ್ತೆ.

ದುಡ್ಡು ಬರೋ ದಾರಿ ಮುಖ್ಯವಾಗಿ ಎರಡು. ಒಂದು, ತಲೆಗೆ ಇಷ್ಟು ಅಂತ. ಹೊಸಬ ಮೊದಲ್ನೇ ಸಲ ದುಡ್ಡು ಹಾಕಿದ್ರೆ ಒಂದ್ಸಲ ಕೊಟ್ಟು ಕೈ ತೊಳ್ಕೊಳೋದು, ಇದನ್ನ ಸಿಪಿಎ ಅಂತಾರೆ. ಇನ್ನೊಂದು ರೆವ್‌ಶೇರ್, ಅಂದ್ರೆ ಅವ್ನು ಸೋತಿದ್ರಲ್ಲಿ ಪಾಲು. ನಾನು ನೋಡಿರೋ ಒಪ್ಪಂದಗಳಲ್ಲಿ 25ರಿಂದ 45 ಪರ್ಸೆಂಟ್ ವರೆಗೂ ಇರ್ತಿತ್ತು, ಸುಮಾರ್ ಕಡೆ ಆ ಆಟಗಾರ ಆಡೋವರೆಗೂ, ಅಂದ್ರೆ ಜೀವನಪೂರ್ತಿ. ಎರಡೂ ಬೆರೆಸಿರೋದೂ ಉಂಟು.

ನಿಮ್ ತಮ್ಮನ ಲೆಕ್ಕಾನೇ ಹಾಕೋಣ, ಬೇಜಾರ್ ಮಾಡ್ಕೋಬೇಡಿ. ಸೋತಿದ್ದು 1,40,000. ಕ್ಯಾಸಿನೋದವ್ರು ಗೇಮ್ ಕಂಪನಿ ಫೀಸು, ಪೇಮೆಂಟ್ ಖರ್ಚು ಎಲ್ಲಾ ಕಳೀತಾರೆ, ಉಳಿಯೋದು ಒಂದು ಲಕ್ಷ ಅಂದ್ಕೊಳಿ. 35 ಪರ್ಸೆಂಟ್ ಒಪ್ಪಂದ ಇದ್ರೆ ರಿವ್ಯೂ ಸೈಟಿಗೆ ಹೋಗಿದ್ದು 35,000. ಆ 4.9 ಸ್ಟಾರಿಂದ ಬಂದ ದುಡ್ಡು ಅದು.

ಕೋಡ್_ಮಗ

ಇದಕ್ಕೇ ನಾನ್ ಹೇಳೋದು, ರೆವ್‌ಶೇರ್ ಇದ್ರೆ ಸೈಟು ಕ್ಯಾಸಿನೋ ಇಬ್ರೂ ಸೇರ್ಕೊಂಡು ಲಿಂಕಿಂದ ಬಂದೋರಿಗೆ ಗೇಮನ್ನೇ ಟೈಟ್ ಮಾಡ್ತಾರೆ. ಆರ್‌ಟಿಪಿ 96, ಅಂದ್ರೆ ಬೆಟ್ ಹಾಕಿದ ನೂರು ರೂಪಾಯಿಗೆ ಸರಾಸರಿ 96 ವಾಪಸ್ ಬರತ್ತೆ ಅಂತ ಬರ್ದಿರ್ತಾರೆ, ಒಳಗೆ ಬೇರೇನೇ ಓಡ್ತಿರತ್ತೆ. ಎಲ್ಲಾ ರಿವ್ಯೂಗಳೂ 100% ಫೇಕ್, ಓದೋದೇ ವೇಸ್ಟು.

ಮಾಲ್ಟಾದಿಂದ_ಮರಳಿದವ

ಅರ್ಧ ಸರಿ ಹೇಳ್ದೆ ಗುರು. ರಿವ್ಯೂ ಸೈಟಿನವ್ನಿಗೆ ಗೇಮ್ ಒಳಗೆ ಕೈ ಹಾಕೋಕಾಗಲ್ಲ. ದೊಡ್ಡ ಕಂಪನಿಗಳ ಸ್ಲಾಟ್ ಓಡೋದು ಆ ಗೇಮ್ ಕಂಪನಿ ಸರ್ವರಲ್ಲಿ, ಇವ್ನು ಯಾವ ಲಿಂಕಿಂದ ಬಂದ ಅಂತ ಅದು ನೋಡಲ್ಲ. ಪೈರಸಿ ಮಾಡಿರೋ ಕಳ್ಳ ಸ್ಲಾಟ್ ಇಟ್ಕೊಂಡಿರೋ ಕ್ಯಾಸಿನೋಗಳೂ ಇವೆ, ಆ ಕಥೆ ಬೇರೆ.

ಆದ್ರೆ "ಒಳಗೆ ಬೇರೇನೇ ಓಡತ್ತೆ" ಅಂದ್ಯಲ್ಲ, ಅದ್ರಲ್ಲಿ ನಿಜ ಇದೆ. ಪ್ಲೇ'ನ್ ಗೋ, ಪ್ರಾಗ್ಮ್ಯಾಟಿಕ್ ಪ್ಲೇ ತರದ ಕಂಪನಿಗಳು ಒಂದೇ ಗೇಮನ್ನ ಬೇರೆ ಬೇರೆ ಆರ್‌ಟಿಪಿಲಿ ಕೊಡ್ತವೆ, ಕ್ಯಾಸಿನೋ ತನಗೆ ಬೇಕಾದ್ದು ಆರಿಸ್ಕೊಳತ್ತೆ. ಬುಕ್ ಆಫ್ ಡೆಡ್ ಅನ್ನೋ ಸ್ಲಾಟ್ 96.21ರಲ್ಲೂ ಇದೆ, 94.25ರಲ್ಲೂ ಇದೆ, ಅದಕ್ಕಿಂತ ಕಮ್ಮೀಲೂ ಇದೆ. ರಿವ್ಯೂ ಬರೆಯೋನು ಅತಿ ಹೆಚ್ಚಿಂದನ್ನೇ ಕಾಪಿ ಮಾಡ್ತಾನೆ. ಎರಡೇ ಪರ್ಸೆಂಟ್ ವ್ಯತ್ಯಾಸ ತಾನೆ ಅನ್ಸತ್ತೆ, ಆದ್ರೆ ಆಟಗಾರನ ಸೋಲು ನೂರಕ್ಕೆ 4 ರೂಪಾಯಿ ಆಸುಪಾಸು ಇದ್ದಿದ್ದು 6ರ ಹತ್ರ ಹೋಗತ್ತೆ, ಹೆಚ್ಚುಕಮ್ಮಿ ಒಂದೂವರೆ ಪಟ್ಟು. ನಿಜವಾದ ನಂಬರ್ ಗೇಮ್ ಒಳಗಿನ ಹೆಲ್ಪ್ ಪೇಜಲ್ಲಿ ಇರತ್ತೆ. ಅದು ರಿವ್ಯೂ ಜೊತೆ ತಾಳೆ ಆಗ್ಲಿಲ್ಲ ಅಂದ್ರೆ ಬರೆದವ್ನು ಆ ಗೇಮ್ ತೆರೆದೂ ನೋಡಿಲ್ಲ ಅಂತ ಅರ್ಥ.

ಪದಕ್ಕೆ_60ಪೈಸೆ

ನಾನು ಬೆಂಗಳೂರಲ್ಲಿ ಫ್ರೀಲಾನ್ಸ್ ಕಂಟೆಂಟ್ ಬರೀತಿದ್ದೆ, ಎರಡು ವರ್ಷದ ಹಿಂದೆ ಒಂದು ಏಜೆನ್ಸಿ ಮೂಲಕ ಇಂಥ ರಿವ್ಯೂಗಳನ್ನ ಬರ್ದಿದೀನಿ. ಪದಕ್ಕೆ 60 ಪೈಸೆ. ಇವತ್ತು ಈ ಅಕ್ಕ ಬರ್ದಿದ್ದು ಓದಿ ತುಂಬಾ ಸಂಕಟ ಆಯ್ತು, ಅದಕ್ಕೇ ಹೇಳ್ತಿದೀನಿ.

ನಮಗೆ ಒಂದು ಎಕ್ಸೆಲ್ ಶೀಟ್ ಬರ್ತಿತ್ತು. ಕ್ಯಾಸಿನೋ ಹೆಸರು, ಬೋನಸ್ ಎಷ್ಟು, ಯಾವ ಕೀವರ್ಡ್ ಎಷ್ಟ್ ಸಲ ಬರಬೇಕು, ಮತ್ತೆ ರೇಟಿಂಗ್. ರೇಟಿಂಗ್ ಮೊದ್ಲೇ ತುಂಬಿರ್ತಿತ್ತು, ಅದಕ್ಕೆ ಹೊಂದೋ ಹಂಗೆ ನಾವು ಬರೀಬೇಕು. ನಾನು ಒಂದೇ ಒಂದು ಕ್ಯಾಸಿನೋದಲ್ಲೂ ಅಕೌಂಟ್ ತೆಗ್ದಿಲ್ಲ, ಹಣ ಹಾಕಿಲ್ಲ, ವಾಪಸ್ ತೆಗ್ದಿಲ್ಲ, ಆದ್ರೂ "ನಮ್ಮ ತಂಡ ಪರೀಕ್ಷಿಸಿದಾಗ 24 ಗಂಟೆಯೊಳಗೆ ಹಣ ಬಂತು" ಅಂತ ಬರ್ದಿದೀನಿ. ಕೊರತೆಗಳು ಅಂತ ಒಂದು ಭಾಗ ಇರ್ಬೇಕು, ಅದ್ರಲ್ಲಿ ನೋವಾಗದಂಥ ಕೊರತೆ ಹಾಕಿ ಅಂತಿದ್ರು. "ಫೋನ್ ಸಪೋರ್ಟ್ ಇಲ್ಲ", "ಕೆಲವು ಗೇಮ್‌ಗಳು ಎಲ್ಲ ದೇಶದಲ್ಲಿ ಸಿಗಲ್ಲ" ಈ ತರದ್ದು. ವಿತ್‌ಡ್ರಾಯಲ್ ತಡ ಆಗತ್ತೆ ಅಂತ ಬರೆದ್ರೆ ವಾಪಸ್ ಬರ್ತಿತ್ತು. ಎಲ್ಲ ಕಡೇನೂ ಹಿಂಗೇನಾ ಗೊತ್ತಿಲ್ಲ, ನಾನ್ ಕಂಡಿದ್ದು ಇದು.

ನಿಜವಾಗ್ಲೂ ಟೆಸ್ಟ್ ಮಾಡಿದೋರು ತಾರೀಕು ಹಾಕ್ತಾರೆ, ಎಷ್ಟು ಹಾಕಿದ್ವಿ, ಯಾವ ದಾರೀಲಿ ತೆಗೆದ್ವಿ, ಕೆವೈಸಿಗೆ ಏನ್ ಕೇಳಿದ್ರು, ಎಷ್ಟು ಗಂಟೆ ಆಯ್ತು ಅಂತ ಬರೀತಾರೆ. ಆ ವಿವರ ಇಲ್ದೆ "ವೇಗವಾದ ಪಾವತಿ" ಅಂತಷ್ಟೇ ಇದ್ರೆ ಅದು ನನ್ನಂಥೋರು ಬರ್ದಿದ್ದು.

ಬ್ಲಾಗರ್_ಬಸು

ಒಳ್ಳೆ ಮಾಹಿತಿ ಸರ್ರ. ನಂದೂ ಒಂದು ಕನ್ನಡ ಬ್ಲಾಗ್ ಐತ್ರಿ, ಟ್ರಾಫಿಕ್ ಚಲೋ ಐತಿ, ಆಡ್‌ಸೆನ್ಸ್‌ದಾಗ ಏನೂ ಬರಂಗಿಲ್ಲ. ಈ 35 ಪರ್ಸೆಂಟ್ ಕೊಡೋ ಪ್ರೋಗ್ರಾಂ ಯಾವ್ದು, ನಮಗೂ ಸೇರ್ಕೋಬಹುದೇನ್ರಿ?

ವಕೀಲ್_ಮೇಡಂ

ಬಸು ಅವ್ರೆ, ಪ್ರಶ್ನೆ ಕೇಳಿರೋದು ಅದಲ್ಲ, ಆದ್ರೂ ನೀವು ಸಿಕ್ಕಿ ಬೀಳಬಾರ್ದು ಅಂತ ಹೇಳ್ತೀನಿ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ 2025ರ ಆಗಸ್ಟಲ್ಲಿ ಸಂಸತ್ತಲ್ಲಿ ಪಾಸಾಗಿ, 22ನೇ ತಾರೀಕು ರಾಷ್ಟ್ರಪತಿ ಅಂಕಿತ ಬಿದ್ದಿದೆ. ಹಣ ಕಟ್ಟಿ ಆಡೋ ಆನ್‌ಲೈನ್ ಆಟ ನಡ್ಸೋರಿಗೆ ಮೂರು ವರ್ಷದವರೆಗೂ ಜೈಲು, ಒಂದು ಕೋಟಿವರೆಗೂ ದಂಡ. ಅದಕ್ಕೆ ಜಾಹೀರಾತು ಮಾಡೋರಿಗೆ ಎರಡು ವರ್ಷದವರೆಗೂ ಜೈಲು, 50 ಲಕ್ಷದವರೆಗೂ ದಂಡ. ಕಮಿಷನ್ ಲಿಂಕ್ ಇರೋ ರಿವ್ಯೂ ಜಾಹೀರಾತು ಅಲ್ಲ ಅಂತ ವಾದ ಮಾಡೋಕೆ ನನಗಂತೂ ದಾರಿ ಕಾಣಲ್ಲ. ಆಡಿದವ್ನಿಗೆ ಈ ಕಾಯ್ದೇಲಿ ಶಿಕ್ಷೆ ಇಲ್ಲ, ಅಕ್ಕ, ನಿಮ್ ತಮ್ಮ ಹೆದರ್ಕೊಂಡು ದೂರು ಕೊಡ್ದೆ ಇರೋದ್ ಬೇಡ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬಹುದು.

ಆ ರಿವ್ಯೂಲಿ "ಭಾರತದಲ್ಲಿ ಸಂಪೂರ್ಣ ಕಾನೂನುಬದ್ಧ" ಅಂತ ಇದ್ಯಾ ನೋಡಿ. ಇದ್ರೆ ಉಳಿದಿದ್ದು ಓದೋ ಅಗತ್ಯಾನೇ ಇಲ್ಲ.

ಬ್ಲಾಗರ್_ಬಸು

ಗೊತ್ತಿರ್ಲಿಲ್ಲ ಮೇಡಂ, ಬಿಟ್ಟೆ ಅದನ್ನ.

ಕುಡ್ಲದ_ಕಿರಣ

ನಾವು ಮೂರ್ನಾಲ್ಕು ಸಲ ಪಣಜಿಗೆ ಹೋಗಿದ್ದುಂಟು, ಮಾಂಡೋವಿ ಹೊಳೆ ಮೇಲೆ ಬೋಟಲ್ಲಿ ಇರುವ ಕ್ಯಾಸಿನೋಗೆ. ಅಲ್ಲಿಯೂ ಇದೇ ಅಲ್ವಾ ಮಾರಾಯ್ರೆ, ಬೀದಿಯಲ್ಲಿ ಪ್ಯಾಕೇಜ್ ಮಾರುವವರು ಇದೇ ಬೆಸ್ಟ್ ಬೋಟು ಅಂತ ಕೈ ಹಿಡಿದು ಎಳೀತಾರೆ, ಅವರಿಗೆ ತಲೆಗೆ ಇಷ್ಟು ಅಂತ ಸಿಗ್ತದೆ. ಆದ್ರೆ ಒಂದು ಉಂಟು, ಅಲ್ಲಿ ಅವನು ಏಜೆಂಟ್ ಅಂತ ನಮಗೆ ಮುಖ ನೋಡಿದ್ರೇ ಗೊತ್ತಾಗ್ತದೆ. ಇಲ್ಲಿ ಅವನು ಮೇಷ್ಟ್ರ ಹಾಗೆ ಮಾರ್ಕ್ಸ್ ಕೊಡ್ಲಿಕ್ಕೆ ಕೂತಿದ್ದಾನೆ, ಅದೇ ಮೋಸ.

ನನ್ನ ಪ್ರಶ್ನೆ: ಎಲ್ಲಾ ಕ್ಯಾಸಿನೋಗಳೂ ಕಮಿಷನ್ ಕೊಡ್ತಾವಲ್ಲ, ಹಾಗಾದ್ರೆ ಒಂದನೇ ನಂಬರ್, ಆರನೇ ನಂಬರ್ ಅಂತ ಹೇಗೆ ನಿರ್ಧಾರ ಆಗ್ತದೆ?

ಮಾಲ್ಟಾದಿಂದ_ಮರಳಿದವ

ಒಳ್ಳೆ ಪ್ರಶ್ನೆ ಕಿರಣ್, ಇದೇ ಇಡೀ ಧಂದೆಯ ತಿರುಳು. ಕಮಿಷನ್ ರೇಟ್ ಒಂದನ್ನೇ ನೋಡಲ್ಲ, ಒಂದು ಕ್ಲಿಕ್ಕಿಗೆ ಎಷ್ಟು ರೂಪಾಯಿ ಬರತ್ತೆ ಅಂತ ನೋಡ್ತಾರೆ. ಅ ಅನ್ನೋ ಕ್ಯಾಸಿನೋಗೆ 100 ಜನ ಕ್ಲಿಕ್ ಮಾಡಿದ್ರು, ಅದ್ರಲ್ಲಿ 8 ಜನ ದುಡ್ಡು ಹಾಕಿದ್ರು, ತಲೆಗೆ 6,000 ಅಂದ್ರೆ 48,000, ಕ್ಲಿಕ್ಕಿಗೆ 480. ಆ ಅನ್ನೋ ಕ್ಯಾಸಿನೋ ಹಣ ಸರಿಯಾಗಿ ವಾಪಸ್ ಕೊಡತ್ತೆ, ಆದ್ರೆ ಬೋನಸ್ ಸಣ್ಣದು, 100ಕ್ಕೆ 6 ಜನ ಹಾಕ್ತಾರೆ, ತಲೆಗೆ 3,000 ಅಂದ್ರೆ 18,000, ಕ್ಲಿಕ್ಕಿಗೆ 180. ಯಾವ್ದು ಮೇಲೆ ಬರತ್ತೆ ನೀವೇ ಹೇಳಿ. ಹಣ ವಾಪಸ್ ಕೊಡ್ತಾರಾ ಅನ್ನೋದು ಈ ಲೆಕ್ಕದೊಳಗೆ ಎಲ್ಲೂ ಬರೋದೇ ಇಲ್ಲ. ಇದಲ್ದೆ ಒಂದನೇ ಜಾಗಕ್ಕೆ ತಿಂಗಳ ಬಾಡಿಗೆ ಕಟ್ಟೋದೂ ಉಂಟು, ಅಂಗಡಿ ಮುಂಗಟ್ಟಿಗೆ ಕೊಟ್ಟಂಗೆ.

ಬೋನಸ್‌ಗೆ ಯಾಕೆ ಯಾವಾಗ್ಲೂ 10ಕ್ಕೆ 10 ಅನ್ನೋದಕ್ಕೂ ಇದೇ ಉತ್ತರ. ದೊಡ್ಡ ಬೋನಸ್ ನೋಡಿದ್ರೆ ಜಾಸ್ತಿ ಜನ ದುಡ್ಡು ಹಾಕ್ತಾರೆ, ದಲ್ಲಾಳಿಗೆ ಅದು ನಿಜವಾಗ್ಲೂ ಒಳ್ಳೆ ಬೋನಸ್ಸೇ. ಆಟಗಾರನಿಗೆ? ಅಕ್ಕ, ತಮ್ಮನಿಗೆ ಏನು ಷರತ್ತಿತ್ತು?

ದಾವಣಗೆರೆ_ಅಕ್ಕ

10,000 ಹಾಕಿದ್ರೆ 10,000 ಬೋನಸ್, 35 ಪಟ್ಟು ಅಂತ ಇದೆ. ಷರತ್ತಿನ ಪೇಜಲ್ಲಿ ಹಾಕಿದ ಹಣ ಮತ್ತು ಬೋನಸ್ ಎರಡೂ ಸೇರಿ ಅಂತಿದೆ, ರಿವ್ಯೂಲಿ ಬರೀ 35x ಅಂತ.

ಮಾಲ್ಟಾದಿಂದ_ಮರಳಿದವ

ಅಲ್ಲೇ ಇರೋದು. 20,000ದ 35 ಪಟ್ಟು ಅಂದ್ರೆ 7 ಲಕ್ಷ ರೂಪಾಯಿ ಬೆಟ್ ಹಾಕಿ ಮುಗಿಸ್ಬೇಕು. 96 ಆರ್‌ಟಿಪಿ ಗೇಮಲ್ಲೇ ಆಡಿದ್ರೂ ಸರಾಸರಿ 4 ಪರ್ಸೆಂಟ್ ಸೋಲು, 7 ಲಕ್ಷಕ್ಕೆ 28,000. ಕೈಲಿರೋದೇ 20,000. ಸರಾಸರಿ ಆಟಗಾರ ಷರತ್ತು ಮುಗಿಯೋಕ್ಕಿಂತ ಮುಂಚೆನೇ ಖಾಲಿ ಆಗ್ತಾನೆ. ಬೋನಸ್ ಮೇಲೆ ಮಾತ್ರ 35 ಪಟ್ಟು ಇದ್ದಿದ್ರೂ ಮೂರೂವರೆ ಲಕ್ಷಕ್ಕೆ 14,000 ಸೋಲು, ಬೋನಸ್ ಕೊಟ್ಟಿದ್ದು 10,000. ಬೋನಸ್ಸನ್ನ ಅಳೆಯೋಕೆ ಈ ಒಂದು ಗುಣಾಕಾರ ಸಾಕು, ಇದನ್ನ ಮಾಡಿ ತೋರ್ಸೋ ರಿವ್ಯೂ ಇದ್ರೆ ಸ್ವಲ್ಪ ಮರ್ಯಾದೆ ಕೊಡಿ.

ಕೋಡ್_ಮಗ

ಸರಿ ಒಪ್ಕೊಂಡೆ, ಗೇಮ್ ಟೈಟ್ ಮಾಡೋ ಅಗತ್ಯಾನೇ ಇಲ್ಲ ಹಂಗಾದ್ರೆ. ಲಿಂಕ್ ವಿಷಯ ನಾನ್ ಹೇಳ್ತೀನಿ, ಇದು ಗೊತ್ತು ನಂಗೆ. ಬಟನ್ ಮೇಲೆ ಲಾಂಗ್ ಪ್ರೆಸ್ ಮಾಡಿ ಲಿಂಕ್ ಕಾಪಿ ಮಾಡ್ಕೊಳಿ, ಓಪನ್ ಮಾಡ್ದೇನೇ ಅದು ಎಲ್ಲಿಗೆ ಹೋಗತ್ತೆ ನೋಡ್ಬಹುದು, ಲ್ಯಾಪ್‌ಟಾಪಲ್ಲಿ ಟರ್ಮಿನಲ್ ತೆಗ್ದು ಹಿಂಗೆ:

```
curl -sIL "https://example.com/go/casino-a" | grep -i '^location'
location: https://casino-a.example/?btag=48213_IN_top1
```

ಆ btag ಅನ್ನೋದೇ ದಲ್ಲಾಳಿ ಗುರುತು, ಕೆಲವ್ರದ್ದು affid, clickid ಅಂತಿರತ್ತೆ. ಸೈಟೊಳಗೆ /go/ ಅಥವಾ /visit/ ಅಂತ ಬಂದ್ರೇ ಅನುಮಾನ ಪಡಿ. ಜಾವಾಸ್ಕ್ರಿಪ್ಟಲ್ಲಿ ತಿರುಗ್ಸಿದ್ರೆ ಈ ಕಮಾಂಡಲ್ಲಿ ಕಾಣಲ್ಲ, ಅಷ್ಟೇ. web.archive.orgಗೆ ಆ ಪೇಜ್ ಅಡ್ರೆಸ್ ಹಾಕಿ ಹಳೇ ಪಟ್ಟೀನೂ ನೋಡಿ.

ಮೈಸೂರು_ರಾಯರು

ನಾನು ನಿವೃತ್ತ ಆಡಿಟರ್. ಒಂದು ಸಂದೇಹ ಇದೆ. ಕಮಿಷನ್ ತಗೊಂಡ ಮಾತ್ರಕ್ಕೆ ಎಲ್ಲರೂ ಸುಳ್ಳು ಹೇಳ್ತಾರೆ ಅಂತ ಆಗಲ್ಲವಲ್ಲ. ಇವುಗಳಲ್ಲಿ ಷೇರುಪೇಟೆಯಲ್ಲಿರೋ ದೊಡ್ಡ ಕಂಪನಿಗಳೂ ಇವೆ. ಗ್ಯಾಂಬ್ಲಿಂಗ್ ಡಾಟ್ ಕಾಮ್ ಗ್ರೂಪ್ ಅನ್ನೋದು 2021ರಿಂದ ಅಮೆರಿಕದ ನಾಸ್ಡಾಕ್‌ನಲ್ಲಿದೆ, 2023ರ ಆದಾಯವೇ 10 ಕೋಟಿ ಡಾಲರ್ ದಾಟಿದೆ. ವರದಿಯಲ್ಲಿ ಹೊಸದಾಗಿ ಹಣ ಹಾಕಿದ ಗ್ರಾಹಕರು ಎಷ್ಟು ಅಂತ ಮೂರು ತಿಂಗಳಿಗೊಮ್ಮೆ ಬಿಚ್ಚಿಟ್ಟು ಹೇಳ್ತಾರೆ. ಮುಚ್ಚುಮರೆ ಏನೂ ಇಲ್ಲ. ದೂರುಗಳನ್ನ ತಗೊಂಡು ಬಗೆಹರಿಸೋ ಸೈಟುಗಳೂ ಇವೆ ಅಂತ ಕೇಳಿದ್ದೇನೆ.

ಮಾಲ್ಟಾದಿಂದ_ಮರಳಿದವ

ರಾಯರೇ, ಷೇರುದಾರರಿಗೆ ಬಿಚ್ಚಿಡ್ತಾರೆ ನಿಜ, ಆಟಗಾರನಿಗೆ ಅಷ್ಟು ಬಿಚ್ಚಿ ಹೇಳಲ್ಲ. ಆದ್ರೆ ನಿಮ್ಮ ಮಾತಲ್ಲಿ ತೂಕ ಇದೆ. ಕ್ಯಾಸಿನೋ ಗುರು ತರದವ್ರು ಕಮಿಷನ್ ಮೇಲೇ ಬದುಕ್ತಾರೆ, ಆದ್ರೂ ದುಡ್ಡು ಕೊಡದ ಕ್ಯಾಸಿನೋಗಳನ್ನೂ ಪಟ್ಟಿ ಮಾಡ್ತಾರೆ, ಕಡಿಮೆ ಅಂಕಾನೂ ಕೊಡ್ತಾರೆ, ದೂರುಗಳನ್ನ ಎಲ್ರಿಗೂ ಕಾಣೋ ಹಂಗೆ ಇಡ್ತಾರೆ. ಆಸ್ಕ್‌ಗ್ಯಾಂಬ್ಲರ್ಸ್ ಕೂಡ ದೂರಿನ ವಿಭಾಗಕ್ಕೇ ಹೆಸರಾದದ್ದು. ಆದ್ರೆ ಅದರ ಮಾಲೀಕತ್ವ ನೋಡಿ, 2016ರಲ್ಲಿ ಕ್ಯಾಟೆನಾ ಮೀಡಿಯಾ ಕೊಂಡ್ಕೊಳ್ತು, ಆಮೇಲೆ ಇನ್ನೂ ಕೆಲವು ಸೈಟುಗಳ ಜೊತೆ ಸೇರಿಸಿ 4.5 ಕೋಟಿ ಯೂರೋಗೆ ಗೇಮಿಂಗ್ ಇನ್ನೋವೇಷನ್ ಗ್ರೂಪ್ ಕೊಂಡ್ಕೊಳ್ತು, ಆ ಗ್ರೂಪು ಆಗ ಕ್ಯಾಸಿನೋಗಳಿಗೆ ಸಾಫ್ಟ್‌ವೇರನ್ನೂ ಮಾರ್ತಿತ್ತು. ಅದ್ರಿಂದ ಅಂಕ ತಿದ್ದಿದ್ರು ಅಂತ ನಾನ್ ಹೇಳ್ತಿಲ್ಲ. ಓದೋನು ಯಾರ ಮನೇಲಿ ಕೂತು ಓದ್ತಿದೀನಿ ಅಂತ ತಿಳ್ಕೊಂಡಿರ್ಲಿ ಅಂತ.

ನಾನಾದ್ರೆ ಅಂಥ ಸೈಟಲ್ಲಿ ಅಂಕ ಬಿಟ್ಟು ದೂರುಗಳನ್ನೇ ಓದ್ತೀನಿ. ಒಂದೇ ಕಾರಣಕ್ಕೆ ಪದೇ ಪದೇ ದೂರು ಬಂದಿದ್ಯಾ, ಬಗೆಹರಿದಿದೆ ಅಂತ ಮುಚ್ಚಿರೋದ್ರಲ್ಲಿ ದುಡ್ಡು ನಿಜವಾಗ್ಲೂ ಬಂತಾ, ಇಲ್ಲಾ ದೂರು ಕೊಟ್ಟೋನು ಸುಸ್ತಾಗಿ ಉತ್ತರ ಕೊಡೋದು ಬಿಟ್ನಾ. 1ರಿಂದ 10ರ ವರೆಗೂ ಅಂಕ ಹರಡಿದ್ರೆ ಅಳೆದಿದಾರೆ ಅನ್ಬಹುದು. 4.5ರಿಂದ 4.9ರೊಳಗೆ ಎಲ್ರನ್ನೂ ತುಂಬಿದ್ರೆ ಅದು ಅಳತೆ ಅಲ್ಲ.

ಹೊಣೆ ವಿಷಯಕ್ಕೆ ಬಂದ್ರೆ, ಬ್ರಿಟನ್ನಲ್ಲಿ 2017ರಲ್ಲಿ ಒಬ್ಬ ಅಫಿಲಿಯೇಟ್ ಸುದ್ದಿ ಲೇಖನದ ರೂಪದಲ್ಲಿ ಕಥೆ ಕಟ್ಟಿದ್ದ, ಹೆಂಡ್ತಿ ಕಾಯಿಲೆ, ಸಾಲ, ಕ್ಯಾಸಿನೋಲಿ ಗೆದ್ದು ಸಾಲ ತೀರಿಸ್ದ ಅಂತ. ಅಲ್ಲಿನ ಜಾಹೀರಾತು ಪ್ರಾಧಿಕಾರ ಎಎಸ್‌ಎ, ಬರೆದವ್ನು ಯಾರೋ ಇರ್ಬಹುದು, ಜವಾಬ್ದಾರಿ ಕ್ಯಾಸಿನೋ ಕಂಪನಿಗಳದ್ದೇ ಅಂತ ತೀರ್ಮಾನ ಮಾಡ್ತು. ಅದೇ ವರ್ಷ ಸ್ಕೈ ಬೆಟ್ಟಿಂಗ್ ಕಂಪನಿ ತನ್ನ ಅಫಿಲಿಯೇಟ್ ಪ್ರೋಗ್ರಾಮನ್ನೇ ಮುಚ್ಚಿಬಿಡ್ತು. ನಿಮ್ ತಮ್ಮ ಆಡಿದ ತರದ ಕ್ಯಾಸಿನೋಗಳ ಮೇಲೆ ಹಂಗೆ ಹಿಡಿಯೋರು ಇಲ್ಲಿಲ್ಲ, ಬಹಳಷ್ಟು ಕುರಸಾವೊ ದ್ವೀಪದ ಲೈಸೆನ್ಸ್ ತೋರಿಸ್ತವೆ.

ಮೈಸೂರು_ರಾಯರು

ಹಾಗಾದರೆ ತಲೆಗೆ ಇಷ್ಟು ಅಂತ ತಗೊಳ್ಳೋ ಸೈಟು, ಸೋಲಿನಲ್ಲಿ ಪಾಲು ತಗೊಳ್ಳೋ ಸೈಟಿಗಿಂತ ಮೇಲು ಅಂತಲೇ? ಅವನಿಗೆ ಆಟಗಾರ ಸೋಲಬೇಕು ಅನ್ನೋ ಆಸೆಯಾದ್ರೂ ಇರೋದಿಲ್ಲ.

ಪದಕ್ಕೆ_60ಪೈಸೆ

ನನಗೆ ಹಂಗನ್ಸಲ್ಲ ಸರ್. ತಲೆಗೆ ತಗೊಳೋನು ಇವತ್ತು ದುಡ್ಡು ಹಾಕ್ಸಿದ್ರೆ ಮುಗೀತು, ನಾಳೆ ಆ ಕ್ಯಾಸಿನೋ ಬಾಗಿಲು ಹಾಕಿದ್ರೂ ಅವ್ನಿಗೇನೂ ಇಲ್ಲ.

ಮಾಲ್ಟಾದಿಂದ_ಮರಳಿದವ

ಇದನ್ನ ನಮ್ ಆಫೀಸಲ್ಲೂ ವಾದ ಮಾಡ್ತಿದ್ವಿ, ಮುಗೀತಿರ್ಲಿಲ್ಲ. ಪಾಲು ತಗೊಳೋನಿಗೆ ಕ್ಯಾಸಿನೋ ಬಾಳಬೇಕು, ಆಟಗಾರ ತುಂಬಾ ದಿನ ಇರ್ಬೇಕು, ಅಷ್ಟರಮಟ್ಟಿಗೆ ಪೂರ್ತಿ ಕಳ್ಳರ ಹತ್ರ ಕಳಿಸಲ್ಲ. ಆದ್ರೆ ಯಾರೋ ಒಬ್ಬ ದೊಡ್ಡದಾಗಿ ಗೆದ್ರೆ ಆ ತಿಂಗಳ ಲೆಕ್ಕ ಮೈನಸ್ಸಿಗೆ ಹೋಗತ್ತೆ, ಕೆಲವು ಒಪ್ಪಂದದಲ್ಲಿ ಆ ಮೈನಸ್ ಮುಂದಿನ ತಿಂಗಳಿಗೂ ಹೋಗತ್ತೆ. ಆಗ ಆಫೀಸಲ್ಲಿ ಒಬ್ಬ ಗೆದ್ದ ಅನ್ನೋದು ಕೆಟ್ಟ ಸುದ್ದಿ. ನಾನು ಕೆಲ್ಸ ಬಿಟ್ಟಿದ್ದು ಅಂಥದ್ದೊಂದು ತಿಂಗಳಲ್ಲೇ.

ಇನ್ನೊಂದು ಸುಲಭದ ಗುರುತು. ಕುರಸಾವೊದಲ್ಲಿ ಮುಂಚೆ ನಾಲ್ಕು ಮೂಲ ಲೈಸೆನ್ಸ್ ಇಟ್ಕೊಂಡೋರು ಬೇರೆಯೋರಿಗೆ ಒಳಲೈಸೆನ್ಸ್ ಕೊಡ್ತಿದ್ರು. 8048/JAZ ಅನ್ನೋ ನಂಬರ್ ಅದಕ್ಕೇ ನೂರಾರು ಕ್ಯಾಸಿನೋಗಳ ಪೇಜಿನ ಕೆಳಗೆ ಇರ್ತಿತ್ತು. 2024ರ ಡಿಸೆಂಬರ್ 24ಕ್ಕೆ ಹೊಸ ಕಾನೂನು ಬಂದು ಆ ಪದ್ಧತಿನೇ ಹೋಯ್ತು. ಇವತ್ತಿಗೂ ರಿವ್ಯೂಲಿ "ಲೈಸೆನ್ಸ್: 8048/JAZ" ಅಂತ ಇದ್ದು, ಮೇಲೆ "ಈ ತಿಂಗಳು ಪರಿಷ್ಕರಿಸಲಾಗಿದೆ" ಅಂತ ಇದ್ರೆ, ತಾರೀಕು ಮಾತ್ರ ಬದ್ಲಾಗಿದೆ.

ದಾವಣಗೆರೆ_ಅಕ್ಕ

ನಿನ್ನೆ ರಾತ್ರಿ ನಾನೂ ತಮ್ಮನೂ ಒಟ್ಟಿಗೆ ಕೂತು ನೀವ್ ಹೇಳಿದ್ದೆಲ್ಲ ನೋಡಿದ್ವಿ. ಕೋಡ್ ಮಗ ಅವ್ರ ಕಮಾಂಡನ್ನ ಅವ್ನೇ ಹಾಕ್ದ. ಹತ್ತಕ್ಕೆ ಒಂಬತ್ತರಲ್ಲಿ btag ಇತ್ತು, ಒಂದು ಏನೂ ತೋರಿಸ್ಲಿಲ್ಲ. ಪ್ರತಿ ಕ್ಯಾಸಿನೋ ಪೇಜಿನ ಕೆಳಗೆ ಕಂಪನಿ ಹೆಸರು ನೋಡಿದ್ವಿ, ಹತ್ತರಲ್ಲಿ ನಾಲ್ಕು ಒಂದೇ ಕಂಪನೀದು. ಟಾಪ್ 10 ಅಂದ್ಕೊಂಡು ಹೋಲಿಕೆ ಮಾಡಿದ್ದು ನಾಲ್ಕು ಕಡೆ ಒಂದೇ ಅಂಗಡೀನ. ಹಳೇ ಪೇಜ್ ಹುಡುಕಿದ್ವಿ, ಅವ್ನು ಸೇರೋಕೆ ಐದು ತಿಂಗಳ ಮುಂಚೆ ಅದೇ ಕ್ಯಾಸಿನೋ ಆರನೇ ಜಾಗದಲ್ಲಿತ್ತು, 4.4. ಒಳಗಿನ ರಿವ್ಯೂ ಅಕ್ಷರ ಅಕ್ಷರ ಅದೇ, "ಫೋನ್ ಸಪೋರ್ಟ್ ಇಲ್ಲ" ಅನ್ನೋ ಕೊರತೇನೂ ಅದೇ. ನಂಬರ್ ಮಾತ್ರ 4.9 ಆಗಿದೆ. ಒಪ್ಪಂದ ಬದ್ಲಾಗಿರ್ಬೇಕು, ಅಲ್ವಾ?

ಮಾಲ್ಟಾದಿಂದ_ಮರಳಿದವ

ಹಂಗೇ ಇರ್ಬೇಕು ಅಕ್ಕ. ಹೊರಗಿಂದ ಖಚಿತವಾಗಿ ಹೇಳೋಕಾಗಲ್ಲ, ಬೋನಸ್ ದೊಡ್ಡದು ಮಾಡಿದ್ದಕ್ಕೂ ಮೇಲೆ ಹೋಗಿರ್ಬಹುದು. ಆದ್ರೆ ಬರೆದಿದ್ದು ಬದ್ಲಾಗ್ದೆ ಅಂಕ ಬದ್ಲಾಗಿದೆ ಅಂದ್ರೆ ಅಂಕಕ್ಕೂ ಬರೆದಿದ್ದಕ್ಕೂ ಸಂಬಂಧ ಇಲ್ಲ ಅನ್ನೋದಂತೂ ಖಚಿತ. ಎರಡೂ ಪೇಜಿನ ಸ್ಕ್ರೀನ್‌ಶಾಟ್ ಇಟ್ಕೊಳಿ, ದೂರಿನ ಜೊತೆ ಕೊಡಿ.

ವಕೀಲ್_ಮೇಡಂ

ಯುಪಿಐಲಿ ಪ್ರತಿ ಸಲ ಹಣ ಯಾರ ಹೆಸರಿಗೆ ಹೋಗಿದೆ ಅದ್ರದ್ದೂ ಸ್ಟೇಟ್‌ಮೆಂಟ್ ತೆಗೆಸಿ. ಬಹಳ ಕೇಸಲ್ಲಿ ಅದು ಯಾರ್ಯಾರೋ ಬೇರೆಯೋರ ಖಾತೆ ಆಗಿರತ್ತೆ.

ದಾವಣಗೆರೆ_ಅಕ್ಕ

ನೋಡಿದ್ವಿ ಮೇಡಂ. 23 ಸಲ ಹಾಕಿದಾನೆ, 11 ಬೇರೆ ಬೇರೆ ಹೆಸರು, ಒಂದು ಹಾರ್ಡ್‌ವೇರ್ ಅಂಗಡಿ, ಒಂದು ಬಟ್ಟೆ ಅಂಗಡಿ ಹೆಸರೂ ಇದೆ. ಎಲ್ಲಾ ಪ್ರಿಂಟ್ ತೆಗ್ದಿದೀನಿ, ನಾಳೆ ಇಬ್ರೂ ಸ್ಟೇಷನ್ನಿಗೆ ಹೋಗ್ತೀವಿ.